ಲಾಂಛನ ಒಂದಾಯಿತು, ಸಂಬಳದ ಚೀಟಿ ಒಂದಾಗಲಿಲ್ಲ

2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾಗಲು ಹೊರಟಾಗ ಜನರ ಕಣ್ಣಿಗೆ ಮೊದಲು ಬಿದ್ದದ್ದು ವಿಮಾನದ ಬಾಲದ ಮೇಲಿನ ಹೊಸ ಚಿತ್ರ. ರೆಕ್ಕೆ ಬಿಚ್ಚಿದ ಕೆಂಪು ಹಂಸ, ಅದರೊಳಗೆ ಕೋನಾರ್ಕದ ಚಕ್ರ. ಚಕ್ರ ಇಂಡಿಯನ್ ಏರ್‌ಲೈನ್ಸ್‌ನಿಂದ ಬಂದದ್ದು. ಎರಡೂ ಕಡೆಯವರಿಗೆ ಬೇಸರವಾಗದಂತೆ ಬಿಡಿಸಿದ ಈ ಚಿತ್ರ ಕೆಲವೇ ತಿಂಗಳಲ್ಲಿ ಸಿದ್ಧವಾಯಿತು. ಆದರೆ ಒಂದೇ ಕಂಪನಿಯ ಇಬ್ಬರು ಪೈಲಟ್‌ಗಳಲ್ಲಿ ಯಾರು ಹಿರಿಯರು, ಯಾರಿಗೆ ಎಷ್ಟು ಸಂಬಳ ಎಂಬ ಪ್ರಶ್ನೆ ಐದು ವರ್ಷ ಕಳೆದರೂ ಬಗೆಹರಿಯಲಿಲ್ಲ. ಅದರ ಬಿಸಿ ಎರಡು ದೊಡ್ಡ ಮುಷ್ಕರಗಳಾಗಿ ಪ್ರಯಾಣಿಕರಿಗೂ ತಟ್ಟಿತು.

ಕಂಪನಿಗಳು ಕೂಡಿದಾಗ ಏಳುವ ಜಗಳಕ್ಕೆ ಮಾನವ ಸಂಪನ್ಮೂಲ ನಿರ್ವಹಣೆಯ ತರಗತಿಗಳಲ್ಲಿ ‘ಸಂಸ್ಕೃತಿ ಸಂಘರ್ಷ’ ಎಂದು ಹೆಸರು. ಕೇಳಿದವರಿಗೆ ಉಡುಗೆ, ಊಟ, ಮಾತಿನ ಧಾಟಿ ಇಂಥವೇ ನೆನಪಾಗುತ್ತವೆ. ಏರ್ ಇಂಡಿಯಾದ ಕಥೆ ಹೇಳುವುದು ಬೇರೆ. ಒಂದು ಸಂಸ್ಥೆಯ ಸಂಸ್ಕೃತಿ ಅದರ ಜ್ಯೇಷ್ಠತಾ ಪಟ್ಟಿಯಲ್ಲಿ, ಭತ್ಯೆಯ ಲೆಕ್ಕದಲ್ಲಿ, ಡ್ಯೂಟಿ ಚಾರ್ಟಿನಲ್ಲಿ ಕೂತಿರುತ್ತದೆ. ಅವನ್ನು ಮುಟ್ಟದೆ ಮಾಡಿದ ವಿಲೀನ ಕಾಗದದ ಮೇಲೆಯೇ ಉಳಿಯುತ್ತದೆ.

ಎರಡೂ ಸರ್ಕಾರದ್ದೇ ಸಂಸ್ಥೆಗಳು. 1953ರಲ್ಲಿ ವಿಮಾನಯಾನವನ್ನು ರಾಷ್ಟ್ರೀಕರಣ ಮಾಡಿದಾಗ ಹೊರದೇಶದ ಹಾರಾಟ ಏರ್ ಇಂಡಿಯಾದ ಪಾಲಿಗೆ ಬಂತು, ಒಳನಾಡಿನ ಹಾರಾಟ ಇಂಡಿಯನ್ ಏರ್‌ಲೈನ್ಸ್‌ನ ಪಾಲಿಗೆ. ಒಂದೇ ಮಂತ್ರಾಲಯದ ಕೆಳಗಿದ್ದರೂ ಐವತ್ತನಾಲ್ಕು ವರ್ಷ ಬೇರೆ ಬೇರೆಯಾಗಿಯೇ ಬೆಳೆದವು. ಒಂದರ ಮುಖ್ಯ ಕಚೇರಿ ಮುಂಬೈಯ ನರಿಮನ್ ಪಾಯಿಂಟ್‌ನಲ್ಲಿ, ಇನ್ನೊಂದರದ್ದು ದೆಹಲಿಯಲ್ಲಿ. ಒಂದರ ಬಲ ಬೋಯಿಂಗ್ ವಿಮಾನ, ಇನ್ನೊಂದರದ್ದು ಏರ್‌ಬಸ್. ಏರ್ ಇಂಡಿಯಾದ ಪೈಲಟ್ ಮುಂಬೈಯಿಂದ ಲಂಡನ್‌ಗೆ ಹಾರಿದರೆ ಅಲ್ಲಿಯ ಹೋಟೆಲಿನಲ್ಲಿ ವಿಶ್ರಾಂತಿ, ವಿದೇಶಿ ಭತ್ಯೆ, ಆಮೇಲೆ ಮರುಪಯಣ. ಇಂಡಿಯನ್ ಏರ್‌ಲೈನ್ಸ್‌ನ ಪೈಲಟ್ ದಿನಕ್ಕೆ ಹಲವು ಬಾರಿ ಏರಿ, ಹಲವು ಬಾರಿ ಇಳಿದು, ಬಹಳ ಸಲ ರಾತ್ರಿ ಮನೆಗೇ ಮರಳುತ್ತಿದ್ದರು. ದೇಶದ ಹೆಸರನ್ನು ಹೊರಗೆ ಹೊತ್ತೊಯ್ಯುವವರು ತಾವೆಂದು ಅವರಿಗೆ ಹೆಮ್ಮೆ. ನಿಜವಾಗಿ ಬೆವರು ಹರಿಸುವವರು ತಾವೆಂದು ಇವರಿಗೆ. ಎರಡು ನಂಬಿಕೆಗಳಿಗೂ ಆಧಾರವಿತ್ತು, ಮತ್ತು ಎರಡೂ ಸಂಬಳದ ನಿಯಮಗಳಲ್ಲಿ ಅಚ್ಚಾಗಿದ್ದವು.

ಆ ವರ್ಷ ಆಕಾಶದಲ್ಲೆಲ್ಲ ಕೂಡಿಕೆಯದೇ ಸುದ್ದಿ. ಜೆಟ್ ಏರ್‌ವೇಸ್ ಸಹಾರಾವನ್ನು ಕೊಂಡಿತು. ಬೆಂಗಳೂರಿನಲ್ಲಿ ಹುಟ್ಟಿದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್‌ನಲ್ಲಿ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಪಾಲು ಪಡೆಯಿತು. ಖಾಸಗಿಯವರ ಪೈಪೋಟಿ ಎದುರಿಸಲು ತನ್ನ ಎರಡು ಸಂಸ್ಥೆಗಳೂ ಒಂದಾಗಲಿ ಎಂದು ಸರ್ಕಾರ ತೀರ್ಮಾನಿಸಿ ನ್ಯಾಷನಲ್ ಏವಿಯೇಷನ್ ಕಂಪನಿ ಆಫ್ ಇಂಡಿಯಾ ಎಂಬ ಹೊಸ ಕಂಪನಿ ಮಾಡಿತು. 2007ರ ಆಗಸ್ಟ್ 27ರಂದು ವಿಲೀನ ಜಾರಿಗೆ ಬಂತು.

ಆ ಹೊತ್ತಿಗೆ ಎರಡೂ ಸಂಸ್ಥೆಗಳು ತಮ್ಮ ತಮ್ಮ ಪಾಡಿಗೆ ಹೊಸ ವಿಮಾನಗಳಿಗೆ ಆರ್ಡರ್ ಕೊಟ್ಟಾಗಿತ್ತು. ಏರ್ ಇಂಡಿಯಾ 68 ಬೋಯಿಂಗ್, ಇಂಡಿಯನ್ ಏರ್‌ಲೈನ್ಸ್ 43 ಏರ್‌ಬಸ್. ವಿಮಾನ ಖರೀದಿಗೆ ಮೊದಲೇ ವಿಲೀನ ಆಗಬೇಕಿತ್ತು, ಇದು ಹೊತ್ತು ಮೀರಿದ ಕೆಲಸ ಎಂದು ಮಹಾಲೇಖಪಾಲರ ವರದಿ 2011ರಲ್ಲಿ ಟೀಕಿಸಿತು. ಹಣದ ದೃಷ್ಟಿಯಿಂದ ಆಡಿದ ಮಾತಾದರೂ ನೌಕರರ ಮನಸ್ಸಿಗೂ ಅದು ಸರಿಹೊಂದುತ್ತದೆ. ಬೇರೆಯಿದ್ದಾಗ ಆರ್ಡರ್ ಕೊಟ್ಟ ವಿಮಾನ ಒಂದಾದ ಮೇಲೆ ಬಂದಿಳಿದರೆ ಅದು ‘ನಮ್ಮದೋ ಅವರದೋ’ ಎಂಬ ಮಾತು ಹುಟ್ಟದೆ ಇರುವುದಿಲ್ಲ.

ಪೈಲಟ್‌ಗಳ ಹಿರಿತನ ಯಾಕೆ ಅಷ್ಟು ತೊಡಕಾಯಿತು ಎಂಬುದು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯುತ್ತದೆ. ಒಬ್ಬರು 1996ರಲ್ಲಿ ಏರ್ ಇಂಡಿಯಾ ಸೇರಿದರು ಎಂದುಕೊಳ್ಳಿ. ಅಲ್ಲಿ ದೊಡ್ಡ ವಿಮಾನಗಳ ಸಂಖ್ಯೆ ಕಡಿಮೆ, ಕಮಾಂಡರ್ ಹುದ್ದೆ ತೆರವಾಗುವುದು ನಿಧಾನ. ಹಾಗಾಗಿ 2007ರಲ್ಲೂ ಅವರು ಸಹಪೈಲಟ್. ಇನ್ನೊಬ್ಬರು ಮೂರು ವರ್ಷ ತಡವಾಗಿ, 1999ರಲ್ಲಿ ಇಂಡಿಯನ್ ಏರ್‌ಲೈನ್ಸ್ ಸೇರಿದರು. ಅಲ್ಲಿ ಸಣ್ಣ ವಿಮಾನಗಳು ಹೆಚ್ಚು, ಬಡ್ತಿಯೂ ಬೇಗ. 2007ರ ಹೊತ್ತಿಗೆ ಅವರು ಏರ್‌ಬಸ್ 320ರ ಕಮಾಂಡರ್, ಭುಜದ ಮೇಲೆ ನಾಲ್ಕು ಪಟ್ಟಿ. ಈಗ ಇಬ್ಬರನ್ನೂ ಒಂದೇ ಪಟ್ಟಿಗೆ ಸೇರಿಸಬೇಕು.

ಸೇವೆಗೆ ಸೇರಿದ ದಿನಾಂಕ ಹಿಡಿದರೆ ನಾಲ್ಕು ಪಟ್ಟಿಯ ಕಮಾಂಡರ್ ಒಬ್ಬ ಸಹಪೈಲಟ್‌ಗಿಂತ ಕಿರಿಯರಾಗುತ್ತಾರೆ. ಕಮಾಂಡರ್ ಆದ ದಿನಾಂಕ ಹಿಡಿದರೆ ಮೂರು ವರ್ಷ ಹೆಚ್ಚು ದುಡಿದವರು ಕೆಳಗಿಳಿಯುತ್ತಾರೆ, ಅದೂ ಅವರ ಯೋಗ್ಯತೆಯ ಕೊರತೆಯಿಂದಲ್ಲ, ಅವರ ಸಂಸ್ಥೆಯಲ್ಲಿ ವಿಮಾನ ಕಡಿಮೆ ಇದ್ದುದರಿಂದ. ಜಗಳವೇ ಬೇಡ, ಎರಡು ಪಟ್ಟಿಗಳೂ ಬೇರೆಯಾಗಿಯೇ ಇರಲಿ ಎಂದರೆ ಸದ್ಯಕ್ಕೆ ಶಾಂತಿ. ಆದರೆ ಇಬ್ಬರೂ ಅದುವರೆಗೆ ಹಾರಿಸದ ಹೊಸ ಮಾದರಿಯ ವಿಮಾನ ಬಂದ ದಿನ ಆ ಶಾಂತಿ ಮುಗಿಯುತ್ತದೆ. ಯಾರಿಗೂ ನಷ್ಟವಾಗದ ನಾಲ್ಕನೆಯ ದಾರಿ ಇಲ್ಲಿಲ್ಲ. ನಷ್ಟ ಯಾರಿಗೆ, ಎಷ್ಟು, ಅದಕ್ಕೆ ಪ್ರತಿಯಾಗಿ ಏನು ಕೊಡುತ್ತೇವೆ ಎಂದು ಮೊದಲೇ ಕೂತು ಮಾತಾಡುವುದೊಂದೇ ಉಳಿದಿರುವ ಕೆಲಸ. ಅದೇ ಇಲ್ಲಿ ಮುಂದೂಡುತ್ತಾ ಹೋಯಿತು.

ಮುಂದೂಡಲು ಕಾರಣಗಳೂ ಇದ್ದವು. 2008ರಲ್ಲಿ ಇಂಧನದ ಬೆಲೆ ಏರಿತು, ಆಮೇಲೆ ಜಗತ್ತಿನ ಆರ್ಥಿಕ ಕುಸಿತ ಬಂತು. ಒಂದಾದ ಮೊದಲ ವರ್ಷ ಸುಮಾರು 2,200 ಕೋಟಿ ರೂಪಾಯಿ ಇದ್ದ ನಷ್ಟ ಮರುವರ್ಷ 5,500 ಕೋಟಿ ದಾಟಿತು. ಈ ನಷ್ಟವನ್ನೆಲ್ಲ ಸಂಸ್ಕೃತಿ ಸಂಘರ್ಷದ ತಲೆಗೆ ಕಟ್ಟುವುದು ತಪ್ಪು. ವಿಮಾನ ಕೊಳ್ಳಲು ಮಾಡಿದ ಸಾಲದ ಹೊರೆಯೇ ದೊಡ್ಡದಿತ್ತು. ಆದರೆ ಕೈಯಲ್ಲಿ ಕಾಸಿಲ್ಲದ ಕಂಪನಿ ಯಾರ ನಷ್ಟವನ್ನೂ ತುಂಬಿಕೊಡಲಾರದು. ಒಂದು ಕಡೆಯ ಸಂಬಳ ಏರಿಸಿ ಸಮ ಮಾಡಲು ಹಣವಿಲ್ಲ, ಇನ್ನೊಂದು ಕಡೆಯದು ಇಳಿಸಿದರೆ ಮುಷ್ಕರ. 2009ರ ಸೆಪ್ಟೆಂಬರಿನಲ್ಲಿ ಉತ್ಪಾದಕತೆ ಆಧಾರಿತ ಪ್ರೋತ್ಸಾಹಧನವನ್ನು ಕಡಿತ ಮಾಡಲು ಹೋದಾಗ ಪೈಲಟ್‌ಗಳು ಸಾಮೂಹಿಕವಾಗಿ ಅನಾರೋಗ್ಯ ರಜೆ ಹಾಕಿದರು. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಕರ್ನಾಟಕ ಕೇಡರ್‌ನ ಐಎಎಸ್ ಅಧಿಕಾರಿ, ಮುಂದೆ ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಯಾದ ಅರವಿಂದ ಜಾಧವ್. 2007ರಿಂದ 2011ರ ನಡುವೆ ಆ ಕುರ್ಚಿಯಲ್ಲಿ ನಾಲ್ವರು ಕೂತರು. ಹತ್ತು ವರ್ಷ ಬೇಡುವ ಕೆಲಸವನ್ನು ಒಂದೆರಡು ವರ್ಷದ ಅಧಿಕಾರಿ ಹಚ್ಚಿಕೊಳ್ಳುವುದು ಕಷ್ಟ.

ಮೊದಲ ದೊಡ್ಡ ಮುಷ್ಕರ ಬಂದದ್ದು 2011ರ ಏಪ್ರಿಲ್ ಕೊನೆಯಲ್ಲಿ, ಇಂಡಿಯನ್ ಏರ್‌ಲೈನ್ಸ್ ಕಡೆಯಿಂದ ಬಂದ ಪೈಲಟ್‌ಗಳ ಸಂಘದಿಂದ. ಒಂದೇ ಕಂಪನಿ ಎಂದ ಮೇಲೆ ಒಂದೇ ಸಂಬಳ ಯಾಕಿಲ್ಲ ಎಂಬುದು ಅವರ ಪ್ರಶ್ನೆ. ಸಂಘದ ಮಾನ್ಯತೆ ರದ್ದಾಯಿತು, ಕೆಲವರು ವಜಾ ಆದರು. ಸುಮಾರು ಹತ್ತು ದಿನಗಳ ನಂತರ ಮಾತುಕತೆಯಾಗಿ ಮುಷ್ಕರ ನಿಂತಿತು. ಆಮೇಲೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಡಿ. ಎಂ. ಧರ್ಮಾಧಿಕಾರಿ ಅವರ ಸಮಿತಿ ರಚನೆಯಾಯಿತು. ಸಂಬಳ, ಬಡ್ತಿ, ಹಿರಿತನಗಳನ್ನು ಹೇಗೆ ಹೊಂದಿಸಬೇಕು ಎಂದು ಅದು 2012ರ ಜನವರಿಯಲ್ಲಿ ವರದಿ ಕೊಟ್ಟಿತು. ವಿಲೀನದ ಮೊದಲು ಮೇಜಿನ ಮೇಲಿರಬೇಕಿದ್ದ ಕಾಗದ ವಿಲೀನವಾಗಿ ನಾಲ್ಕೂವರೆ ವರ್ಷದ ಮೇಲೆ ಬಂತು.

ಎರಡನೆಯ ಮುಷ್ಕರ ಎದುರು ಬದಿಯಿಂದ. ಏರ್ ಇಂಡಿಯಾ ಹಿಂದೆ ಕೊಟ್ಟ ಆರ್ಡರಿನಲ್ಲಿ 27 ಡ್ರೀಮ್‌ಲೈನರ್ ವಿಮಾನಗಳಿದ್ದವು. ಅವು ಬರುವ ಕಾಲ ಹತ್ತಿರವಾದಾಗ ತರಬೇತಿಗೆ ಎರಡೂ ಕಡೆಯ ಪೈಲಟ್‌ಗಳನ್ನು ಸಮನಾಗಿ ಕಳುಹಿಸಲು ಆಡಳಿತ ತೀರ್ಮಾನಿಸಿತು. ಮೇಲುನೋಟಕ್ಕೆ ಇದಕ್ಕಿಂತ ನ್ಯಾಯ ಬೇರೆ ಕಾಣದು. ಆದರೆ ದೊಡ್ಡ ವಿಮಾನದ ಕಮಾಂಡರ್ ಆಗಲು ವರ್ಷಗಟ್ಟಲೆ ಕಾದಿದ್ದ ಏರ್ ಇಂಡಿಯಾದ ಸಹಪೈಲಟ್‌ಗಳ ಕಣ್ಣಿಗೆ ಅದು ತಮ್ಮ ಸರದಿಯ ನಡುವೆ ಬೇರೆಯವರು ನುಗ್ಗಿದಂತೆ ಕಂಡಿತು. ಮೇ ತಿಂಗಳಲ್ಲಿ ಮತ್ತೆ ಅನಾರೋಗ್ಯ ರಜೆಯಿಂದಲೇ ಶುರುವಾದ ಮುಷ್ಕರ 58 ದಿನ ನಡೆಯಿತು. ಸುಮಾರು ನೂರು ಮಂದಿ ವಜಾ ಆದರು. ಜುಲೈ ಮೊದಲ ವಾರ ದೆಹಲಿ ಹೈಕೋರ್ಟಿನ ಮಧ್ಯಸ್ಥಿಕೆಯಲ್ಲಿ ಅದು ಕೊನೆಗೊಂಡಿತು.

ಎರಡು ಮುಷ್ಕರಗಳ ಬೇಡಿಕೆಗಳನ್ನು ಪಕ್ಕಪಕ್ಕ ಇಟ್ಟರೆ ಬೇರು ಸಿಗುತ್ತದೆ. ಒಂದು ಕಡೆಯವರು ಸಂಬಳದ ವಿಷಯಕ್ಕೆ ಬಂದಾಗ ‘ನಾವೆಲ್ಲ ಒಂದೇ ಕಂಪನಿ’ ಎಂದರು, ಇನ್ನೊಂದು ಕಡೆಯವರು ಬಡ್ತಿಯ ವಿಷಯಕ್ಕೆ ಬಂದಾಗ ‘ನಾವು ಬೇರೆ’ ಎಂದರು. ತಮಗೆ ಲಾಭವಿರುವಲ್ಲಿ ಒಂದಾಗುವುದು, ನಷ್ಟವಿರುವಲ್ಲಿ ಬೇರೆಯಾಗುವುದು ಮನುಷ್ಯ ಸಹಜ. ಎಲ್ಲಿ ಒಂದು, ಎಲ್ಲಿ ಬೇರೆ ಎಂದು ಆಡಳಿತವೇ ಗೆರೆ ಎಳೆಯದಿದ್ದಾಗ ಪ್ರತಿಯೊಂದು ಗುಂಪೂ ತನ್ನ ಗೆರೆ ತಾನೇ ಎಳೆದುಕೊಂಡಿತು.

ವಿಲೀನ ಕೂಡಿಕೊಂಡಿದೆಯೇ ಇಲ್ಲವೇ ಎಂದು ತಿಳಿಯಲು ದೊಡ್ಡ ಸಮೀಕ್ಷೆ ಬೇಕಿಲ್ಲ. ವರ್ಷಗಳ ನಂತರವೂ ನೌಕರರನ್ನು ಹಳೆಯ ಕಂಪನಿಯ ಹೆಸರಿನಿಂದಲೇ ಗುರುತಿಸುತ್ತಿದ್ದರೆ ಅದೊಂದು ಸೂಚನೆ. ಇಲ್ಲಿ ಕಡತಗಳಲ್ಲೇ ಹಾಗಿತ್ತು. ಯಾವುದೋ ಆದೇಶ ಬಂದ ವಾರವೇ ಒಂದೇ ಗುಂಪಿನವರ ಅನಾರೋಗ್ಯ ರಜೆ ಏರಿದರೆ ಅದು ಇನ್ನೊಂದು. ಹಿಂದೆ ನಡೆಯುವ ಕೆಲಸಗಳೂ ಸುಳಿವು ಕೊಡುತ್ತವೆ. ಇಂಡಿಯನ್ ಏರ್‌ಲೈನ್ಸ್‌ನ ‘ಐಸಿ’ ಸಂಕೇತ ಹೋಗಿ ಎಲ್ಲ ವಿಮಾನಗಳೂ ‘ಎಐ’ ಸಂಕೇತದಲ್ಲಿ ಹಾರಲು 2011ರ ಫೆಬ್ರವರಿ ಬೇಕಾಯಿತು. ಅಲ್ಲಿಯವರೆಗೆ ಟಿಕೆಟಿನ ಮಟ್ಟಿಗೂ ಅದು ಎರಡು ಕಂಪನಿ.

2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಮೂಹದ ಕೈಗೆ ಬಂತು. ಆಮೇಲೆ ಟಾಟಾ ಮತ್ತು ಸಿಂಗಪುರ ಏರ್‌ಲೈನ್ಸ್ ಸೇರಿ ನಡೆಸುತ್ತಿದ್ದ ವಿಸ್ತಾರವನ್ನು ಅದರೊಳಗೆ ಸೇರಿಸುವ ಕೆಲಸ ಶುರುವಾಯಿತು. ಇಲ್ಲೂ ಜಗಳ ತಪ್ಪಲಿಲ್ಲ. ತಿಂಗಳಿಗೆ 70 ಗಂಟೆಯ ಹಾರಾಟದ ಸಂಬಳ ಖಾತರಿಯಿದ್ದ ವಿಸ್ತಾರದ ಪೈಲಟ್‌ಗಳಿಗೆ ಏರ್ ಇಂಡಿಯಾದವರಂತೆ 40 ಗಂಟೆಯ ಖಾತರಿಯ ಹೊಸ ಕರಾರು ಬಂತು. 2024ರ ಮಾರ್ಚ್ ಕೊನೆಯಲ್ಲಿ ಅನೇಕರು ಅನಾರೋಗ್ಯವೆಂದು ಕೆಲಸಕ್ಕೆ ಬರಲಿಲ್ಲ, ಏಪ್ರಿಲ್‌ನಲ್ಲಿ ಕಂಪನಿ ದಿನಕ್ಕೆ 25ರಿಂದ 30 ವಿಮಾನಗಳನ್ನು ಕಡಿಮೆ ಮಾಡಿತು. ಬೆಂಗಳೂರು ಮೂಲದ ಹಿಂದಿನ ಏರ್‌ಏಷ್ಯಾ ಇಂಡಿಯಾವನ್ನು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಜೊತೆ ಕೂಡಿಸುವಾಗಲೂ, ಮೇ ತಿಂಗಳಲ್ಲಿ ಎಕ್ಸ್‌ಪ್ರೆಸ್‌ನ ಗಗನಸಖಿಯರು ಮತ್ತು ಸಿಬ್ಬಂದಿ ಅದೇ ದಾರಿ ಹಿಡಿದರು.

ಆದರೆ ಒಂದು ವ್ಯತ್ಯಾಸವಿದೆ. ವಿಸ್ತಾರದ ವಿಲೀನ ಜಾರಿಗೆ ಬಂದದ್ದು 2024ರ ನವೆಂಬರ್ 12ರಂದು. ಪೈಲಟ್‌ಗಳ ಕೈಗೆ ಹೊಸ ಕರಾರು ಸಿಕ್ಕಿದ್ದು ಅದಕ್ಕೂ ಎಂಟು ತಿಂಗಳ ಮೊದಲು. ಸಿಟ್ಟು ಬಂತು, ವಿಮಾನಗಳು ರದ್ದಾದವು, ಆಡಳಿತ ಮಾತುಕತೆಗೆ ಕೂರಬೇಕಾಯಿತು. ಆದರೆ ಯಾರು ಏನು ಕಳೆದುಕೊಳ್ಳುತ್ತಾರೆ ಎಂಬುದು ಒಂದಾಗುವ ದಿನದೊಳಗೇ ಬಯಲಿಗೆ ಬಂದಿತ್ತು. 2007ರಲ್ಲಿ ಅದೇ ಜಗಳ ವಿಲೀನದ ನಂತರಕ್ಕೆ ಉಳಿಯಿತು. ಸಂಬಳ, ಸರದಿಗಳ ಮೇಲಿನ ಜಗಳವನ್ನು ತಪ್ಪಿಸುವ ವಿಲೀನ ಬಹುಶಃ ಇಲ್ಲ. ಅದು ಯಾವಾಗ ನಡೆಯಬೇಕು ಎಂದು ಆರಿಸಿಕೊಳ್ಳುವುದು ಮಾತ್ರ ಆಡಳಿತದ ಕೈಯಲ್ಲಿದೆ, ಮತ್ತು ಸಹಿ ಹಾಕುವ ಮೊದಲು ನಡೆದ ಜಗಳ ಆಮೇಲಿನದಕ್ಕಿಂತ ಅಗ್ಗ.