ನೀರು ಬಂದಿದೆ, ನೀರ ಬಂದಾವ

ನಮ್ಮ ಬೀದಿಯ ಅಪಾರ್ಟ್‌ಮೆಂಟಿನ ವಾಚ್‌ಮನ್ ಸುರಪುರದ ಕಡೆಯವರು. ಬೆಂಗಳೂರಿಗೆ ಬಂದು ಆರು ವರ್ಷವಾಯಿತು. ಬೆಳಗ್ಗೆ ನಲ್ಲಿಯಲ್ಲಿ ಕಾವೇರಿ ನೀರು ಬಿಟ್ಟಾಗ ನನಗೆ ‘ನೀರು ಬಂದಿದೆ ಸಾರ್’ ಅನ್ನುತ್ತಾರೆ. ಮರುಕ್ಷಣವೇ ಪಕ್ಕದ ಖಾಲಿ ಸೈಟಿನ ತಗಡಿನ ಶೆಡ್ಡಿನ ಕಡೆ ತಿರುಗಿ ‘ನೀರ ಬಂದಾವ ನೋಡ’ ಎಂದು ಹೆಂಡತಿಯನ್ನು ಕೂಗುತ್ತಾರೆ. ಒಂದೇ ನೀರು; ನನಗೆ ಏಕವಚನ, ಮನೆಯಾಕೆಗೆ ಬಹುವಚನ. ಆಕೆಯ ಹತ್ತಿರ ಇಂಥ ಎರಡು ಲೆಕ್ಕವಿಲ್ಲ. ನನಗಾದರೂ ಅಷ್ಟೆ, ಕಿರಾಣಿ ಅಂಗಡಿಯವರಿಗಾದರೂ ಅಷ್ಟೆ, ‘ನೀರ ಬಂದಾವ್ರೀ’.

ಗಂಡ ಚುರುಕು, ಹೆಂಡತಿಗೆ ಇನ್ನೂ ಪಟ್ಟಣ ಹತ್ತಿಲ್ಲ ಅನ್ನುವುದು ಬೀದಿಯವರ ತೀರ್ಮಾನ. ಬಹುಕಾಲ ನಾನೂ ಹಾಗೇ ಅಂದುಕೊಂಡಿದ್ದೆ. ಸಮಾಜಭಾಷಾವಿಜ್ಞಾನಿಗಳನ್ನು ಕೇಳಿದರೆ ಚುರುಕುತನದ ಮಾತೇ ಎತ್ತುವುದಿಲ್ಲ. ಆಕೆ ದಿನವಿಡೀ ಯಾರ ಜೊತೆ ಮಾತಾಡುತ್ತಾರೆ ಎಂದು ಮೊದಲು ವಿಚಾರಿಸುತ್ತಾರೆ.

ಈ ಪ್ರಶ್ನೆಯನ್ನು ಹಿಡಿದು ಹೊರಟವರಲ್ಲಿ ಬ್ರೆಜಿಲ್‌ನ ಸ್ಟೆಲ್ಲಾ ಮಾರಿಸ್ ಬೊರ್ಟೋನಿ-ರಿಕಾರ್ಡೊ ಒಬ್ಬರು. ಬ್ರೆಜಿಲ್ 1960ರಲ್ಲಿ ತನ್ನ ರಾಜಧಾನಿಯನ್ನು ಹೊಸದಾಗಿ ಕಟ್ಟಿದ ಬ್ರೆಸೀಲಿಯಾಕ್ಕೆ ಬದಲಾಯಿಸಿತು. ಸುತ್ತಲಿನ ಊರುಗಳಿಗೆ ಹಳ್ಳಿಗಾಡಿನ ಜನ ಕೂಲಿ ಹುಡುಕಿಕೊಂಡು ಬಂದು ತುಂಬಿಕೊಂಡರು. ಅಂಥ ಒಂದು ಊರು ಬ್ರಾಜ್ಲಾಂಡಿಯಾ. ಅಲ್ಲಿಗೆ ಬಂದ ವಲಸೆಗಾರರದು ‘ಕೈಪಿರಾ’ ಎಂಬ ಹಳ್ಳಿಯ ಪೋರ್ಚುಗೀಸ್. ಪಟ್ಟಣದವರು ಹೆಂಗಸಿಗೆ ‘ಮುಲ್ಯೇರ್’ ಅಂದರೆ ಇವರು ‘ಮುಯೇ’ ಅನ್ನುತ್ತಾರೆ. ‘ಲ್ಯ’ ಕರಗಿ ‘ಯ’ ಆಗುತ್ತದೆ. ಪಟ್ಟಣದವರು ಆಡಿಕೊಂಡು ನಗುವುದಕ್ಕೆ ಇಷ್ಟು ಸಾಕು. ಆದರೂ ಕೆಲವರ ಬಾಯಲ್ಲಿ ಅದು ಉಳಿಯಿತು, ಕೆಲವರ ಬಾಯಲ್ಲಿ ಸಡಿಲವಾಯಿತು. ಯಾಕೆ?

1985ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬೊರ್ಟೋನಿ-ರಿಕಾರ್ಡೊ ಒಡನಾಟದ ಜಾಲವನ್ನು ಎರಡು ಬಗೆಯಾಗಿ ನೋಡುತ್ತಾರೆ. ಊರಿಂದ ಬಂದ ಹೊಸತರಲ್ಲಿ ನೆಂಟರು, ಊರಿನ ಪರಿಚಯದವರು ಇಷ್ಟೇ ಬಳಗ. ಸುತ್ತ ಬೇಲಿ ಕಟ್ಟಿದ ಹಾಗೆ. ಕಾಲ ಕಳೆದಂತೆ ಕೆಲವರ ಬಳಗ ಬಿಚ್ಚಿಕೊಳ್ಳುತ್ತದೆ. ಬೇರೆ ಬೇರೆ ಕಡೆಯವರು, ಬೇರೆ ಬೇರೆ ಕಸುಬಿನವರು ಸೇರಿಕೊಳ್ಳುತ್ತಾರೆ. ವಲಸೆಗಾರ ಎಷ್ಟು ಓದಿದ್ದಾನೆ ಎಂದು ನೋಡಿ ಆಕೆ ಸುಮ್ಮನಾಗಲಿಲ್ಲ, ಅವನ ಒಡನಾಡಿಗಳು ಎಷ್ಟು ಓದಿದ್ದಾರೆ, ಎಂಥ ಕೆಲಸದಲ್ಲಿದ್ದಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದರು. ಕೆಲಸಕ್ಕೆಂದು ಹೊರಗೆ ತಿರುಗಾಡುವ ಗಂಡಸರ ಮಾತು ಬೇಗ ಸಡಿಲವಾಗಿತ್ತು, ನೆಂಟರಿಷ್ಟರ ನಡುವೆಯೇ ಉಳಿದ ಹೆಂಗಸರದು ನಿಧಾನ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಮಾತು: ಸಡಿಲವಾದವರು ನೇರವಾಗಿ ಶಿಷ್ಟ ಪೋರ್ಚುಗೀಸ್‌ಗೆ ಹೋಗಿ ಸೇರಲಿಲ್ಲ. ಹಳ್ಳಿಯ ಮಾತಿನ ಬಿಗಿ ಹೋಗಿ ಒಮ್ಮೆ ಹಾಗೆ, ಒಮ್ಮೆ ಹೀಗೆ ಆಡತೊಡಗಿದರು, ಅಷ್ಟೆ.

ಹಾಗಾದರೆ ಹೆಂಗಸರೇ ಆಡುಮಾತಿನ ಕಾವಲುಗಾರರೇ? ಅಲ್ಲ. ಲೆಸ್ಲಿ ಮಿಲ್ರಾಯ್ 1970ರ ದಶಕದಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಮೂರು ಕಾರ್ಮಿಕ ಕೇರಿಗಳಲ್ಲಿ ಮಾತು ದಾಖಲಿಸಿದರು. ಹಡಗುಕಟ್ಟೆಯ ಕೆಲಸ ಗಟ್ಟಿಯಾಗಿದ್ದ ಕೇರಿಯಲ್ಲಿ ಗಂಡಸರ ಬಳಗ ಬಿಗಿ, ಅವರ ಮಾತೂ ಬಿಗಿ. ಗಂಡಸರಿಗೆ ಕೆಲಸವಿಲ್ಲದೆ, ಹರೆಯದ ಹೆಣ್ಣುಮಕ್ಕಳು ಒಟ್ಟಿಗೆ ದುಡಿಯುತ್ತಿದ್ದ ಕ್ಲೋನಾರ್ಡ್ ಕೇರಿಯಲ್ಲಿ ಇದು ತಿರುವುಮುರುವು.

ಬಳಗದ ಬಿಗಿಯನ್ನು ಅಳೆಯಲು ಮಿಲ್ರಾಯ್ ಐದು ಪ್ರಶ್ನೆ ಇಟ್ಟುಕೊಂಡಿದ್ದರು, ಒಂದಕ್ಕೆ ಒಂದು ಅಂಕ. ಕೇರಿಯಲ್ಲೇ ಒತ್ತಾಗಿ ಬೆರೆತ ಗುಂಪಿನಲ್ಲಿ ಇದ್ದೀರಾ? ತಮ್ಮ ಮನೆ ಬಿಟ್ಟು ಒಂದಕ್ಕಿಂತ ಹೆಚ್ಚು ನೆಂಟರ ಮನೆ ಅಲ್ಲೇ ಇವೆಯಾ? ಕೇರಿಯವರು ಇನ್ನಿಬ್ಬರಾದರೂ ನಿಮ್ಮ ಕೆಲಸದ ಜಾಗದಲ್ಲಿದ್ದಾರಾ? ಹೆಣ್ಣಾದರೆ ಹೆಂಗಸರು, ಗಂಡಾದರೆ ಗಂಡಸರು ಅವರಲ್ಲಿ ಇಬ್ಬರಾದರೂ ಉಂಟಾ? ಬಿಡುವಿನಲ್ಲೂ ಅವರ ಜೊತೆಗೇ ಕೂರುತ್ತೀರಾ?

ನಮ್ಮ ಬೀದಿಯ ದಂಪತಿಗೆ ಇದನ್ನು ಹಚ್ಚಿ ನೋಡಿದೆ. ಶೆಡ್ಡಿನ ಸಾಲಿಡೀ ಸುರಪುರದ ಸುತ್ತಿನವರದೇ. ಮೈದುನನದು ಒಂದು ಶೆಡ್, ನಾದಿನಿಯದು ಇನ್ನೊಂದು. ಆಕೆ ಇಟ್ಟಿಗೆ ಹೊರುವುದು ಅದೇ ಸಾಲಿನ ನಾಲ್ವರು ಹೆಂಗಸರ ಜೊತೆ, ಭಾನುವಾರ ಬಟ್ಟೆ ಒಗೆಯುವುದೂ ಅವರ ಜೊತೆ. ಐದಕ್ಕೆ ಐದು. ಗಂಡನಿಗೆ ಮೊದಲ ಎರಡು ಅಂಕ ಸಿಗುತ್ತವೆ. ಕೆಲಸ ಒಂಟಿ ಕಾವಲು. ಹಗಲೆಲ್ಲ ಫ್ಲಾಟಿನವರು, ಪೇಪರ್ ಹುಡುಗ. ಸಂಜೆ ಚಹಾಕ್ಕೆ ಸಿಗುವವರು ಕೋಲಾರದ ಟ್ಯಾಂಕರ್ ಡ್ರೈವರ್. ಅಲ್ಲಿಗೆ ಎರಡೇ. ಬೆಲ್‌ಫಾಸ್ಟ್‌ಗೆಂದು ಹೊಲಿದ ಅಂಗಿ ಎಲ್ಲ ಊರಿಗೂ ಸರಿಹೋಗುವುದಿಲ್ಲ ನಿಜ, ಆದರೆ ಇಲ್ಲಿ ಅಂಥ ದೊಗಳೆಯಾಗಲಿಲ್ಲ.

ಆದರೂ ಇಷ್ಟರಿಂದ ಗಂಡನ ಮಾತು ಪೂರ್ತಿ ಬಿಡಿಸಿದಂತಾಗಲಿಲ್ಲ. ಆತ ‘ಬಂದಾವ’ ಬಿಟ್ಟಿಲ್ಲವಲ್ಲ, ಕೇಳುವವರನ್ನು ನೋಡಿ ಧಾಟಿ ಬದಲಿಸುತ್ತಾರೆ. ಇದಕ್ಕೆ ನಾರ್ವೆಯ ಹೆಮ್ನೆಸ್‌ಬೆರ್ಗೆಟ್ ಎಂಬ ಸಣ್ಣ ಊರಿನ ಕಥೆಯಿದೆ. ಬ್ಲೋಮ್ ಮತ್ತು ಗಂಪರ್ಜ್ ಅದನ್ನು 1972ರಲ್ಲಿ ಪ್ರಕಟಿಸಿದರು. ಪಟ್ಟಣಗಳಲ್ಲಿ ಓದುತ್ತಿದ್ದ ಹುಡುಗರು ರಜೆಗೆ ಊರಿಗೆ ಬಂದಾಗ ತಾವು ಅಪ್ಪಟ ಊರಮಾತೇ ಆಡುವುದೆಂದು ನಂಬಿದ್ದರು. ದಾಖಲಿಸಿದ ಟೇಪಿನಲ್ಲಿ ಬೇರೆಯೇ ಇತ್ತು: ಊರಾಚೆಯ ವಿಷಯ ಬಂದಾಗಲೆಲ್ಲ ಶಿಷ್ಟಭಾಷೆ ನುಸುಳುತ್ತಿತ್ತು. ಊರಲ್ಲೇ ಉಳಿದವರ ಮಾತು ಮಾತ್ರ ವಿಷಯ ಬದಲಾದರೂ ಬದಲಾಗಲಿಲ್ಲ. ಟೇಪು ಕೇಳಿಸಿದಾಗ ಹುಡುಗರಿಗೆ ಅಚ್ಚರಿ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದರು. ಅವೆರಡು ಮಾತುಗಳು ಅಷ್ಟು ಖಚಿತವಾಗಿ ಬೇರೆಬೇರೆಯೇ ಎಂದು ಮುಂದೆ ನಾರ್ವೆಯವರೇ ತಕರಾರು ತೆಗೆದದ್ದುಂಟು. ಆದರೂ ತನ್ನ ಬಾಯಿ ಏನಾಡುತ್ತದೆ ಎಂಬುದು ತನ್ನ ಕಿವಿಗೇ ಬೀಳುವುದಿಲ್ಲ ಅನ್ನುವ ಪಾಠ ನಿಲ್ಲುತ್ತದೆ.

ಊರಮಾತು ಉಳಿಯುವ ದಾರಿ ಹೀಗೆ ಎರಡು. ಹೆಂಡತಿಯ ಮಾತನ್ನು ಎಳೆಯುವವರೇ ಇಲ್ಲ, ಹಾಗಾಗಿ ಉಳಿದಿದೆ. ಗಂಡನ ಮಾತಿಗೆ ಬೇರೆ ಜಾಗ ಕೊಟ್ಟಾಗಿದೆ, ಹಾಗಾಗಿ ಉಳಿದಿದೆ. ಗಂಡನ ಸಂದರ್ಶನವನ್ನು ನಾನೇ ಮಾಡಿದರೆ ‘ಈತ ಸುರಪುರವನ್ನು ಮರೆತಾಗಿದೆ’ ಎಂದು ಬರೆದುಕೊಂಡೇನು, ಏಕೆಂದರೆ ನನ್ನ ಮುಂದೆ ಆತ ಆಡುವುದೇ ಬೇರೆ. ಈ ಮೋಸ ಗೊತ್ತಿದ್ದುದರಿಂದಲೇ ಮಿಲ್ರಾಯ್ ಕೇರಿಗೆ ಗೆಳೆಯರ ಗೆಳತಿಯಾಗಿ ಹೋದರು, ಮನೆಯವರು ತಮ್ಮತಮ್ಮಲ್ಲೇ ಆಡುವ ಮಾತಿಗೆ ಕಾದರು.

ಜಾಲದ ಲೆಕ್ಕಕ್ಕೆ ಸಿಗದವರೂ ಇದ್ದಾರೆ. ಧಾರವಾಡ ಬಿಟ್ಟು ಇಪ್ಪತ್ತು ವರ್ಷವಾದ, ಊರಿನವರ ಒಡನಾಟವೇ ಇಲ್ಲದ ಎಂಜಿನಿಯರ್ ಮಿತ್ರರೊಬ್ಬರು ವೇದಿಕೆ ಹತ್ತಿದರೆ ಸಾಕು, ಮಾತಿಗೊಂದು ‘ರೀ’ ಹಚ್ಚುತ್ತಾರೆ. ಅಂಕ ಸೊನ್ನೆ, ‘ರೀ’ ಭರ್ಜರಿ. ಎಲ್ಲರ ಕಿವಿಗೂ ಬೀಳುವ ಅಂಶವನ್ನು ಬೇಕೆಂದೇ ತೊಟ್ಟುಕೊಳ್ಳಬಹುದು. ಅದು ಧಾಟಿಯ ಆಟ. ಆದರೆ ಮೈಕು ಕೆಳಗಿಟ್ಟ ಮೇಲೆ ಅವರ ನೀರು ‘ಬಂದಿದೆ’. ನೀರಿನ ಬಹುವಚನ ಹೋದದ್ದು ಅವರ ಗಮನಕ್ಕೇ ಬಂದಿಲ್ಲ.

ಶೆಡ್ಡಿನ ದಂಪತಿಗೆ ಎಂಟು ವರ್ಷದ ಮಗಳಿದ್ದಾಳೆ, ಇಲ್ಲೇ ಸರ್ಕಾರಿ ಶಾಲೆಗೆ ಹೋಗುತ್ತಾಳೆ. ಮೊನ್ನೆ ಗೆಳತಿಗೆ ‘ಬರ್ತಾ ಇದೀನಿ ಇರೇ’ ಅಂದಳು, ಒಳಗಿಂದ ಕರೆದ ಅವ್ವನಿಗೆ ‘ಬರ್ಲಕತ್ತೀನಿ’ ಅಂದಳು. ನೀರು ತುಂಬಿ ಕೊಡ ಹೊರಗೆ ಚೆಲ್ಲುತ್ತಿತ್ತು, ಎರಡೂ ಕಡೆ ಹೋಗಲಿಲ್ಲ.