ನಿಮಗಿದು ಗೊತ್ತೆ? ಖಾಲಿ ಪಿನ್ನಿನ ಗದ್ದಲವೇ ದಾಳದ ಬೀಜ!

ಸಾಂಗ್ಲಿಯಲ್ಲೋ ಮಿರಜದಲ್ಲೋ ವಿದ್ಯಾರ್ಥಿಯೊಬ್ಬ ಆರ್ಡುಯಿನೊ ಊನೊ ಬೋರ್ಡಿನಲ್ಲಿ ಎಲೆಕ್ಟ್ರಾನಿಕ್ ದಾಳ ಮಾಡಿದರೆ, ಮೊದಲು ಎದುರಾಗುವ ತೊಡಕು ಒಂದೇ: ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಅದೇ ಸಂಖ್ಯೆಗಳು ಅದೇ ಕ್ರಮದಲ್ಲಿ ಬೀಳುತ್ತವೆ.

● ಬೋರ್ಡಿನ ATmega328P ಚಿಪ್ಪಿನಲ್ಲಿ ಯಾದೃಚ್ಛಿಕ ಸಂಖ್ಯೆಗೆಂದೇ ಮಾಡಿದ ಭಾಗವಿಲ್ಲ. `random()` ಒಂದು ಬೀಜಸಂಖ್ಯೆಯಿಂದ ಲೆಕ್ಕ ಹಾಕುತ್ತದೆ. ಬೀಜ ಬದಲಾಗದಿದ್ದರೆ ಬೆಳೆಯೂ ಬದಲಾಗದು.

● ರೂಢಿಯ ಉಪಾಯವೆಂದರೆ ಏನನ್ನೂ ಜೋಡಿಸದ ಅನಲಾಗ್ ಪಿನ್ನನ್ನು ಓದುವುದು: `randomSeed(analogRead(A0))`. ಆ ಪಿನ್ ಸುತ್ತಲಿನ ವಿದ್ಯುತ್ ಗದ್ದಲವನ್ನು, ಮನೆಯ ತಂತಿಗಳ 50 ಹರ್ಟ್ಸ್ ಕಂಪನವನ್ನೂ ಹಿಡಿಯುತ್ತದೆ.

● ಓದಿಕೆ 0ರಿಂದ 1023ರೊಳಗೇ ಇರುವುದರಿಂದ ಹೆಚ್ಚೆಂದರೆ 1024 ಬೀಜಗಳು. ವಾಸ್ತವದಲ್ಲಿ ಓದಿಕೆಗಳು ಇನ್ನೂ ಕಿರಿದಾದ ಪಟ್ಟಿಯಲ್ಲಿ ಗುಂಪುಗೂಡುತ್ತವೆ. ಓದಿಕೆ 0 ಬಂದರಂತೂ `randomSeed` ಏನನ್ನೂ ಮಾಡುವುದಿಲ್ಲ.

● ಉತ್ತಮ ದಾರಿ: ಪ್ರತಿ ಓದಿಕೆಯ ಕೊನೆಯ ಬಿಟ್ ಮಾತ್ರ ತೆಗೆದುಕೊಂಡು, ಎರಡೆರಡಾಗಿ ಜೋಡಿಸಿ. 01 ಬಂದರೆ 0, 10 ಬಂದರೆ 1 ಎಂದು ಬರೆದುಕೊಳ್ಳಿ. 00 ಮತ್ತು 11 ಬಿಸಾಡಿ. ಇದು ಗಣಿತಜ್ಞ ಜಾನ್ ವಾನ್ ನಾಯ್ಮನ್ 1951ರಲ್ಲಿ ಹೇಳಿದ ಉಪಾಯ. ಹೀಗೆ 32 ಬಿಟ್ ಕೂಡಿದರೆ ಬೀಜ ಸಿದ್ಧ. ಪಿನ್ ಗ್ರೌಂಡ್‌ಗೆ ಜೋಡಿಸಿದ್ದರೆ ಬಿಟ್ ಬದಲಾಗದೆ ಪ್ರೋಗ್ರಾಂ ಅಲ್ಲೇ ಸಿಕ್ಕಿಬೀಳುತ್ತದೆ. ಪ್ರಯತ್ನಗಳಿಗೆ ಮಿತಿ ಹಾಕಿ.

● ಪರೀಕ್ಷೆ ಸುಲಭ: ಬೋರ್ಡನ್ನು 20 ಬಾರಿ ರೀಸೆಟ್ ಮಾಡಿ, ಬೀಜವನ್ನು ಸೀರಿಯಲ್ ಮಾನಿಟರಿನಲ್ಲಿ ನೋಡಿ. ಒಂದೇ ಬೀಜ ಮರುಕಳಿಸಿದರೆ ಗದ್ದಲ ಸಾಲದು.

● ಆಟಕ್ಕೆ ಇಷ್ಟು ಸಾಕು. ಬೀಗ, ಪಾಸ್‌ವರ್ಡುಗಳಿಗೆ ಮಾತ್ರ ಈ ಪಿನ್ನನ್ನು ನಂಬಬೇಡಿ.