ಒಂದು ದಿನದ ಕೃಷಿಕ ಗೋಷ್ಠಿಯ ಕಾಲನಿಯಮ

ಗೋಷ್ಠಿಯನ್ನು ಏರ್ಪಡಿಸುವ ಗ್ರಾಮಮುಖಂಡರು ದಿನದ ಕಾರ್ಯಕ್ರಮವನ್ನು ಸಂಜೆಯಿಂದ ಹಿಂದಕ್ಕೆ ಎಣಿಸುತ್ತ ಬರುವುದು ಲೇಸು. ದೂರದ ಹಳ್ಳಿಗಳ ಕಡೆಯ ಬಸ್ಸು 5 ಗಂಟೆಗೆ ಹೊರಡುವುದಾದರೆ, ಸಭೆಯು 4-20ಕ್ಕೆ ಮುಗಿಯತಕ್ಕದ್ದು. ಹಾಗಿಲ್ಲದಿದ್ದರೆ ಪ್ರಶ್ನೋತ್ತರದ ನಡುವೆಯೇ ರೈತರು ಎದ್ದು ಹೋಗುವರು.

ಉದಾಹರಣೆಗೆ, ಬತ್ತ ಬೆಳೆಯುವ ಒಂದು ಗ್ರಾಮದ ಶಾಲೆಯಲ್ಲಿ 80 ಮಂದಿ ಸೇರುವರೆಂದು ಭಾವಿಸೋಣ. ಅಲ್ಲಿ ಎಲ್ಲರೂ ಕೂರಬಹುದಾದ ಸಭಾಂಗಣವೊಂದು, 40 ಮಂದಿಗೆ ಸಾಲುವ ಕೊಠಡಿಯೊಂದು ಇವೆ. ಕಾರ್ಯಕ್ರಮವು ಈ ಕೆಳಕಂಡಂತೆ ನಡೆಯಬಹುದು.

10-00 ಸ್ವಾಗತ
10-10 ಮಣ್ಣಿನ ಪರೀಕ್ಷೆ: ಉಪನ್ಯಾಸ, ಪ್ರಶ್ನೆಗಳು
10-55 ಮೀಸಲು ಕಾಲ
11-05 ಚಹಾ
11-25 ಸ್ಥಳ ಬದಲಾವಣೆ
11-30 ಸಭಾಂಗಣದಲ್ಲಿ ಬೆಳೆವಿಮೆ. ಕೊಠಡಿಯಲ್ಲಿ ಬೀಜದ ಆಯ್ಕೆ
12-15 ತಂಡಗಳ ಅದಲುಬದಲು
12-20 ಅವೇ ವಿಷಯಗಳು
1-05 ಮೀಸಲು ಕಾಲ
1-15 ಊಟ
2-15 ಹೊಲದಲ್ಲಿ ಮಣ್ಣಿನ ಮಾದರಿ ತೆಗೆಯುವ ಪ್ರಾತ್ಯಕ್ಷಿಕೆ
3-00 ಹಿಂದಿರುಗುವುದು
3-10 ಚಹಾ
3-30 ಪ್ರಶ್ನೋತ್ತರ
4-10 ಮೀಸಲು ಕಾಲ
4-20 ಮುಕ್ತಾಯ

ಚಹಾಕ್ಕೆ 20 ನಿಮಿಷವೇಕೆಂದರೆ, ಒಬ್ಬರ ಕೈಗೆ ಲೋಟ ಸೇರಲು ಕಾಲು ನಿಮಿಷ ಹಿಡಿದರೂ, ಒಂದೇ ಮೇಜಿನಲ್ಲಿ 80 ಮಂದಿಗೆ ಹಂಚಲು ಅಷ್ಟೂ ಕಾಲ ಕಳೆಯುವುದು. ಆದಕಾರಣ ಎರಡು ಮೇಜುಗಳಿರಬೇಕು. ಹಂಚುವಿಕೆ 10 ನಿಮಿಷದಲ್ಲಿ ಮುಗಿದು, ಕುಡಿಯಲು 10 ನಿಮಿಷ ಉಳಿಯುವುದು. ಒಂದು ಮೇಜನ್ನು ಕೊಠಡಿಯ ಬಾಗಿಲ ಬಳಿಯಲ್ಲೇ ಇಟ್ಟರೆ, ಅಲ್ಲಿಗೆ ಹೋಗತಕ್ಕ ತಂಡವು ಆಗಲೇ ಅಲ್ಲಿ ನೆರೆದಿರುವುದು.

ಬೀಜದ ಆಯ್ಕೆಗೆ ತೊಟ್ಟಿ, ಉಪ್ಪುನೀರು, ಬತ್ತ ಇವೆಲ್ಲ ಬೇಕು. ಜೊಳ್ಳು ತೇಲಿ ಗಟ್ಟಿಕಾಳು ಮುಳುಗುವುದನ್ನು ತೋರಿಸುವ ಈ ಸಾಮಗ್ರಿಯನ್ನು ಹೊತ್ತೊಯ್ಯುವುದು ಕಷ್ಟವಾದುದರಿಂದ ಜನರೇ ಸ್ಥಳ ಬದಲಿಸುವರು. ಒಂದು ತಂಡ ಮುಂಬಾಗಿಲಿನಿಂದಲೂ ಮತ್ತೊಂದು ಹಿಂಬಾಗಿಲಿನಿಂದಲೂ ನಡೆದರೆ ಜಗಲಿಯಲ್ಲಿ ನೂಕುನುಗ್ಗಲಾಗದು. ಉಪನ್ಯಾಸ ಮುಗಿಯುವ 5 ನಿಮಿಷ ಮೊದಲು ಎರಡೂ ಕಡೆ ಒಂದೇ ಗಂಟೆಯ ಸದ್ದು ಕೇಳಿಸಬೇಕು. ಒಂದು ಕಡೆ ಬೇಗ ಮುಗಿದರೆ ಆ ತಂಡ ಹೊರಗೆ ನಿಲ್ಲಬೇಕಾಗುವುದು.

ಮೀಸಲು ಕಾಲವನ್ನು ಪ್ರತಿ ಉಪನ್ಯಾಸಕ್ಕೂ ಹಂಚಿದರೆ ಉಪನ್ಯಾಸಕರೇ ಅದನ್ನು ಬಳಸಿಬಿಡುವರು. ವಿರಾಮದ ಮುಂಚೆ ಒಟ್ಟುಗೂಡಿಸಿಟ್ಟರೆ ಉಳಿಯುವುದು. ಸಭೆ 20 ನಿಮಿಷ ತಡವಾಗಿ ಆರಂಭವಾಯಿತೆನ್ನೋಣ. ಚಹಾದ ಮುಂಚಿನ 10 ನಿಮಿಷವೂ ಊಟದ ಮುಂಚಿನ 10 ನಿಮಿಷವೂ ಅದನ್ನು ನುಂಗಿ, ಊಟವು 1-15ಕ್ಕೇ ಆರಂಭವಾಗುವುದು. ತಡವು 30 ನಿಮಿಷವಾದರೆ ಸ್ವಾಗತಭಾಷಣವನ್ನು ಬಿಡತಕ್ಕದ್ದು. ಚಹಾ ಮುಗಿದಾಗ ಗಡಿಯಾರವು 11-35ನ್ನು ದಾಟಿದ್ದರೆ ಮೀಸಲು ಸಾಲದೆಂದು ತಿಳಿಯಬೇಕು. ಆಗ ಎರಡೂ ಕಡೆಯ ಪ್ರಶ್ನೆಗಳಿಂದ ಸಮನಾಗಿ ನಿಮಿಷಗಳನ್ನು ಕಳೆಯತಕ್ಕದ್ದು. ತಡವಾಗದಿದ್ದರೆ ಉಳಿದ ನಿಮಿಷಗಳು ರೈತರ ಪ್ರಶ್ನೆಗಳಿಗೆ ಸಲ್ಲುವುವು.

ಊಟದ ನಂತರ ತೂಕಡಿಕೆ ಬರುವುದು ಸಹಜವಾದುದರಿಂದ ಆ ಹೊತ್ತಿಗೆ ಹೊಲದ ಕೆಲಸವನ್ನಿಡಲಾಗಿದೆ. ಮಳೆ ಬಂದರೆ ಅದನ್ನು ಸಭಾಂಗಣದಲ್ಲಿಯೇ ನಡೆಸಲು ಒಂದು ಬುಟ್ಟಿ ಮಣ್ಣನ್ನು ಹಿಂದಿನ ದಿನವೇ ತಂದಿಡುವುದು ಒಳ್ಳೆಯದು.